ತುಂಡಾದ ಕೇಬಲ್ ಯಾವುದು? ತುದಿ ಮತ್ತು ಕನೆಕ್ಟರ್‌ಗಳ ಫೋಟೊದಿಂದ ಗುರುತಿಸುವ ದೋಷ ನಿವಾರಣೆ ಕೈಪಿಡಿ

ಗೋಡೆ ಕೊರೆಯುವಾಗಲೋ ಹಳೆಯ ಜಂಕ್ಷನ್ ಬಾಕ್ಸ್ ತೆರೆದಾಗಲೋ ತುಂಡಾದ ಕೇಬಲ್ ಕಣ್ಣಿಗೆ ಬೀಳುತ್ತದೆ, ಅದರ ಫೋಟೊ ದುರಸ್ತಿ ಮಾಡುವವರ ಕೈ ಸೇರುತ್ತದೆ. ಫೋಟೊ ನೋಡುವವರು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಅದನ್ನು ಮುಟ್ಟುವುದು ಅಪಾಯವೇ ಎಂಬುದು ಮೊದಲನೆಯದು. ಅದನ್ನು ಜೋಡಿಸಲು ಯಾರು, ಯಾವ ಸಲಕರಣೆಯೊಂದಿಗೆ ಹೋಗಬೇಕು ಎಂಬುದು ಎರಡನೆಯದು. ಕೋಆಕ್ಸಿಯಲ್ ಕೇಬಲ್, ತಿರುಚಿದ ಜೋಡಿಗಳ ಕೇಬಲ್, ಫೈಬರ್ ಕೇಬಲ್ ಮತ್ತು ಕರೆಂಟ್ ಕೇಬಲ್ ಈ ನಾಲ್ಕೂ ಹೊರಗಿನಿಂದ ಒಂದೇ ಬಗೆಯ ಕಪ್ಪು ಅಥವಾ ಬೂದು ಬಣ್ಣದ ಪ್ಲಾಸ್ಟಿಕ್ ಕೊಳವೆಗಳಂತೆ ಕಾಣಬಹುದಾದ್ದರಿಂದ, ಹೊರಕವಚದ ಬಣ್ಣವನ್ನು ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಕತ್ತರಿಸಿದ ತುದಿ ಇದಕ್ಕಿಂತ ಹೆಚ್ಚು ವಿಶ್ವಾಸಾರ್ಹ ಸಾಕ್ಷಿ, ಏಕೆಂದರೆ ಕೇಬಲ್ ಮಾಡುವ ಕೆಲಸಕ್ಕೆ ತಕ್ಕಂತೆಯೇ ಅದರ ಒಳರಚನೆ ಇರಬೇಕಾಗುತ್ತದೆ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಫೋಟೊದಿಂದ ಕೇಬಲ್‌ನ ಜಾತಿ ತಿಳಿಯಬಹುದೇ ಹೊರತು, ಅದರಲ್ಲಿ ಈಗ ಕರೆಂಟ್ ಇದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಗುರುತು ಪೂರ್ಣವಾಗಿ ಸಿಗುವವರೆಗೂ, ಲೋಹ ಕಾಣುವ ಪ್ರತಿಯೊಂದು ತುದಿಯನ್ನೂ ಕರೆಂಟ್ ಇರುವ ತುದಿಯೆಂದೇ ಎಣಿಸಬೇಕು. ಫೋಟೊ ಕಳುಹಿಸುವವರಿಗೆ ಮೊದಲು ಹೋಗಬೇಕಾದ ಸೂಚನೆಯೂ ಇದೇ: ಮುಟ್ಟಬೇಡಿ, ಸಿಪ್ಪೆ ಸುಲಿಯಬೇಡಿ, ಇದ್ದಂತೆಯೇ ಫೋಟೊ ತೆಗೆಯಿರಿ.

ಉಪಯೋಗಕ್ಕೆ ಬರುವ ಫೋಟೊ

ಬಹುಪಾಲು ತಪ್ಪು ಗುರುತುಗಳಿಗೆ ಕಾರಣ ಫೋಟೊದಲ್ಲಿ ಅಳತೆ ಇಲ್ಲದಿರುವುದು. ಇದು ಸಣ್ಣ ಸಂಗತಿಯಂತೆ ತೋರಿದರೂ ಹಾಗಲ್ಲ. ನೆಟ್‌ವರ್ಕ್ ಕೇಬಲ್ಲಿನೊಳಗಿನ ಒಂದು ತಂತಿಯಲ್ಲಿ ತಾಮ್ರದ ವ್ಯಾಸ ಅರ್ಧ ಮಿಲಿಮೀಟರ್, ಅದರ ಮೇಲಿನ ಪ್ಲಾಸ್ಟಿಕ್ ಸೇರಿದರೆ ಸುಮಾರು ಒಂದು ಮಿಲಿಮೀಟರ್. ಮನೆಯ ವೈರಿಂಗ್‌ಗೆ ಬಳಸುವ 1.5 ಚದರ ಮಿಲಿಮೀಟರ್‌ನ ಒಂಟಿ ಎಳೆಯ ತಂತಿಯಲ್ಲಿ ತಾಮ್ರದ ವ್ಯಾಸ 1.38 ಮಿಲಿಮೀಟರ್, ಪ್ಲಾಸ್ಟಿಕ್ ಸೇರಿದರೆ ಸುಮಾರು 2.8 ಮಿಲಿಮೀಟರ್. ಎರಡರಲ್ಲೂ ಒಟ್ಟು ಅಗಲದ ಅರ್ಧದಷ್ಟು ತಾಮ್ರವೇ. ತೀರ ಹತ್ತಿರದಿಂದ ತೆಗೆದ, ಅಳತೆಯಿಲ್ಲದ ಫೋಟೊದಲ್ಲಿ ಈ ಎರಡೂ ಒಂದೇ ಚಿತ್ರವಾಗಿ ಬರುತ್ತವೆ. ಒಂದು ಮುಟ್ಟಿದರೆ ಪ್ರಾಣ ತೆಗೆಯಬಲ್ಲದು, ಇನ್ನೊಂದು ಸಾಮಾನ್ಯವಾಗಿ ಅಷ್ಟು ಅಪಾಯಕಾರಿಯಲ್ಲ. ಆದ್ದರಿಂದ ತುದಿಯ ಪಕ್ಕದಲ್ಲಿ, ಅದೇ ದೂರದಲ್ಲಿ, ಮಿಲಿಮೀಟರ್ ಗುರುತುಗಳಿರುವ ಪ್ಲಾಸ್ಟಿಕ್ ಅಥವಾ ಮರದ ಸ್ಕೇಲ್ ಹಿಡಿದಿರಬೇಕು. ಉಕ್ಕಿನ ಸ್ಕೇಲ್ ಬೇಡ, ತೆರೆದ ತಾಮ್ರದ ಬಳಿ ಅದೇ ಅಪಾಯ ತಂದೀತು.

ಬೆಳಕು ಪಕ್ಕದಿಂದ ಬರಬೇಕು. ಕ್ಯಾಮೆರಾದ ಫ್ಲ್ಯಾಷ್ ನೇರವಾಗಿ ಬಿದ್ದರೆ ತಾಮ್ರವೂ ಬೆಳ್ಳಗೆ ಹೊಳೆಯುತ್ತದೆ. ಆಗ ಅದು ತಾಮ್ರವೋ ತವರ ಲೇಪಿಸಿದ ತಾಮ್ರವೋ ಅಲ್ಯೂಮಿನಿಯಮ್ಮೋ ಉಕ್ಕೋ ಎಂದು ಹೇಳಲಾಗದು, ಮುಂದೆ ಕಾಣುವಂತೆ ಲೋಹದ ಬಣ್ಣವೇ ಒಮ್ಮೊಮ್ಮೆ ಇಡೀ ತೀರ್ಮಾನವನ್ನು ಬದಲಿಸಿಬಿಡುತ್ತದೆ. ತುದಿ ನೇರವಾಗಿ ಕಾಣುವ ಒಂದು ಫೋಟೊ, ಅದೇ ತುದಿ ಓರೆಯಾಗಿ ಕಾಣುವ ಇನ್ನೊಂದು, ಹೊರಕವಚದ ಮೇಲಿನ ಅಕ್ಷರಗಳದ್ದು ಮತ್ತೊಂದು, ಸಿಗುವಂತಿದ್ದರೆ ಕೇಬಲ್ ಹೋಗಿ ಸೇರುವ ಕನೆಕ್ಟರ್‌ನದ್ದು ಒಂದು. ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದ ತುದಿ ಅದುಮಿದಂತಾಗಿ ದುಂಡಗಿನ ಕೇಬಲ್ ಚಪ್ಪಟೆಯಾಗಿ ಕಾಣುತ್ತದೆ ಎಂಬುದನ್ನು ಫೋಟೊ ನೋಡುವವರು ಮರೆಯಬಾರದು. ಆಕಾರವನ್ನು ತುದಿಯಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ನೋಡಿ ಖಚಿತಪಡಿಸಿಕೊಳ್ಳುವುದು ವಾಸಿ.

ಹೊರಕವಚದ ಮೇಲಿನ ಅಕ್ಷರಗಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನಾಲ್ಕೂ ಜಾತಿಗಳ ಮೇಲೆ ಸಾಮಾನ್ಯವಾಗಿ ಕಾಣುವ ಬರಹದ ಮಾದರಿ ಹೀಗಿರುತ್ತದೆ:

```
RG-6/U 75 OHM
CAT6 U/UTP 4PR 23AWG
1F G.657A2
H05VV-F 3G1.5
```

ಮೊದಲನೆಯದು ಕೋಆಕ್ಸಿಯಲ್, ಎರಡನೆಯದು ತಿರುಚಿದ ನಾಲ್ಕು ಜೋಡಿ, ಮೂರನೆಯದು ಒಂದೇ ಎಳೆಯ ಫೈಬರ್, ನಾಲ್ಕನೆಯದು 1.5 ಚದರ ಮಿಲಿಮೀಟರ್‌ನ ಮೂರು ತಂತಿಗಳಿರುವ ಕರೆಂಟ್ ಕೇಬಲ್. ಆದರೆ ಕೈಪಿಡಿಯ ಅಗತ್ಯ ಬೀಳುವುದೇ ಅಕ್ಷರಗಳು ಅಳಿಸಿಹೋದಾಗ ಅಥವಾ ತುಂಡು ತೀರ ಚಿಕ್ಕದಾಗಿದ್ದಾಗ.

ನಡುವಿನಿಂದ ಹೊರಕ್ಕೆ ಓದುವುದು

ತುದಿಯನ್ನು ನಡುವಿನಿಂದ ಹೊರಕ್ಕೆ ನೋಡುತ್ತ ಬರಬೇಕು. ನಟ್ಟನಡುವೆ ಒಂದೇ ಲೋಹದ ತಂತಿ ಇದೆಯೇ, ಸರಿಸಮನಾದ ಹಲವು ತಂತಿಗಳಿವೆಯೇ, ಅಥವಾ ನಡುವೆ ಲೋಹವೇ ಇಲ್ಲವೇ? ಈ ಒಂದು ಪ್ರಶ್ನೆಯ ಉತ್ತರದಿಂದ ನಾಲ್ಕರಲ್ಲಿ ಎರಡು ಅಥವಾ ಮೂರು ಜಾತಿಗಳು ಬಿಟ್ಟುಹೋಗುತ್ತವೆ.

ಹಲವು ತಂತಿಗಳಿದ್ದರೆ ಮೊದಲು ಎಣಿಸಬೇಕು, ಆಮೇಲೆ ಬಣ್ಣ ನೋಡಬೇಕು. ಎಂಟು ತೆಳುವಾದ ತಂತಿಗಳಿದ್ದು, ನೀಲಿ, ಕಿತ್ತಳೆ, ಹಸಿರು, ಕಂದು ಬಣ್ಣದ ಪ್ರತಿಯೊಂದು ತಂತಿಗೂ ಅದೇ ಬಣ್ಣದ ಪಟ್ಟಿಯುಳ್ಳ ಒಂದು ಬಿಳಿ ತಂತಿ ಸುತ್ತಿಕೊಂಡಿದ್ದರೆ ಅದು ನೆಟ್‌ವರ್ಕ್ ಕೇಬಲ್. ನಡುವೆ ಕೂಡಿಸುವ ಚಿಹ್ನೆಯ ಆಕಾರದ ಪ್ಲಾಸ್ಟಿಕ್ ತಡೆಯೂ ಇದ್ದರೆ ಅದು ಬಹುಮಟ್ಟಿಗೆ ಕ್ಯಾಟ್ 6 ಅಥವಾ ಅದಕ್ಕಿಂತ ಮೇಲಿನ ದರ್ಜೆಯದು. ತಂತಿಗಳು ತಿರುಚಿಕೊಳ್ಳದೆ ನೇರವಾಗಿ ಸಾಗಿದ್ದು, ಕೆಂಪು, ಕಪ್ಪು, ಹಳದಿ, ಬಿಳಿ ಹೀಗೆ ಜೋಡಿಯಿಲ್ಲದ ಬಣ್ಣಗಳಿದ್ದರೆ ಅದು ಅಲಾರಂ ಅಥವಾ ನಿಯಂತ್ರಣ ಕೇಬಲ್ ಆಗಿರುವ ಸಂಭವ ಹೆಚ್ಚು, ಅದನ್ನು ನೆಟ್‌ವರ್ಕ್ ಕೇಬಲ್ ಎಂದು ಭಾವಿಸಿ ಕನೆಕ್ಟರ್ ಹಾಕಿದರೆ ಕೆಲಸ ಮಾಡುವುದಿಲ್ಲ. ತಿರುಚುವಿಕೆಯನ್ನು ತುದಿಯಲ್ಲಿ ನೋಡಿ ತೀರ್ಮಾನಿಸಬಾರದು, ಏಕೆಂದರೆ ಸಿಪ್ಪೆ ಸುಲಿದವರು ಅಲ್ಲಿ ಅದನ್ನು ಬಿಚ್ಚಿರುತ್ತಾರೆ. ಹೊರಕವಚದ ಅಂಚಿನಲ್ಲಿ, ತಂತಿಗಳು ಒಳಗೆ ಹೋಗುವ ಜಾಗದಲ್ಲಿ ನೋಡಬೇಕು.

ಎರಡು ಅಥವಾ ಮೂರು ದಪ್ಪ ತಂತಿಗಳಿದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಬಣ್ಣದ ನಿರೋಧಕ ಪದರವಿದ್ದು, ಅವೆಲ್ಲದರ ಮೇಲೆ ಇನ್ನೊಂದು ಹೊರಕವಚವಿದ್ದರೆ ಅದು ಕರೆಂಟ್ ಕೇಬಲ್. ಬಣ್ಣಗಳು ದೇಶದಿಂದ ದೇಶಕ್ಕೆ ಮತ್ತು ಹಳೆಯ ವೈರಿಂಗ್‌ನಿಂದ ಹೊಸದಕ್ಕೆ ಬದಲಾಗುತ್ತವೆ: ಕಂದು, ನೀಲಿ, ಹಸಿರು-ಹಳದಿ ಪಟ್ಟಿ ಒಂದು ಪದ್ಧತಿ, ಕೆಂಪು, ಕಪ್ಪು, ಹಸಿರು ಇನ್ನೊಂದು, ಕಪ್ಪು, ಬಿಳಿ ಮತ್ತು ಹಸಿರು ಅಥವಾ ಬರಿಯ ತಾಮ್ರ ಮತ್ತೊಂದು. ಆದ್ದರಿಂದ ಬಣ್ಣಕ್ಕಿಂತ ದಪ್ಪವೇ ಮುಖ್ಯ. ನಿರೋಧಕ ಪದರ ಸೇರಿ ಪ್ರತಿ ತಂತಿ ಎರಡೂವರೆ ಮಿಲಿಮೀಟರ್ ಮೀರಿದ್ದರೆ ಅದು ಕರೆಂಟ್ ಕೇಬಲ್ ಎಂದೇ ಹಿಡಿದು ಮುಂದುವರಿಯಬೇಕು. ಅದಕ್ಕಿಂತ ತೆಳುವಾಗಿದ್ದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ. ದೀಪ ಮತ್ತು ಸಣ್ಣ ಉಪಕರಣಗಳ ತಂತಿ ಇನ್ನೂ ತೆಳುವಾಗಿರುತ್ತದೆ.

ನಟ್ಟನಡುವೆ ಒಂದೇ ತಂತಿಯಿದ್ದು, ಅದರ ಸುತ್ತ ದಪ್ಪನೆಯ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಆಮೇಲೆ ತೆಳುವಾದ ಎಳೆಗಳ ಜಾಲರಿ, ಕೊನೆಗೆ ಹೊರಕವಚ, ಈ ಕ್ರಮದಲ್ಲಿ ಉಂಗುರಗಳು ಕಂಡರೆ ಅದು ಕೋಆಕ್ಸಿಯಲ್ ಕೇಬಲ್. ಟಿವಿ ಮತ್ತು ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್‌ನ ಒಟ್ಟು ವ್ಯಾಸ 7 ಮಿಲಿಮೀಟರ್‌ಗೆ ತುಸು ಕಡಿಮೆ. ಅದರ ನಡುವಿನ ತಂತಿಯ ಅಡ್ಡಕೊಯ್ತದಲ್ಲಿ ಹೊರ ಅಂಚು ಮಾತ್ರ ತಾಮ್ರದ ಬಣ್ಣದಲ್ಲಿದ್ದು ಒಳಭಾಗ ಬೂದಾಗಿ ಕಂಡರೆ ಗಾಬರಿಯಾಗಬೇಕಿಲ್ಲ; ತಾಮ್ರ ಹೊದಿಸಿದ ಉಕ್ಕಿನ ತಂತಿ ಈ ಕೇಬಲ್ಲಿನಲ್ಲಿ ಸರ್ವೇಸಾಮಾನ್ಯ. ನೆಟ್‌ವರ್ಕ್ ಕೇಬಲ್‌ನಲ್ಲಿ ಇಂತಹ ಬೂದು ಒಳಭಾಗ ಕಂಡರೆ ಮಾತ್ರ ಅದು ತಾಮ್ರ ಹೊದಿಸಿದ ಅಲ್ಯೂಮಿನಿಯಂ, ಅಂದರೆ ಕಡಿಮೆ ಗುಣಮಟ್ಟದ ಮಾಲು. ನಡುವೆ ಲೋಹವೇ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಫೈಬರ್ ಕೇಬಲ್; ಲೋಹ ಕಾಣುವ ಫೈಬರ್ ಕೇಬಲ್ ಕೊನೆಯ ಪ್ರಕರಣದಲ್ಲಿ ಬರುತ್ತದೆ.

ಕೋಆಕ್ಸಿಯಲ್‌ನಂತೆ ಕಾಣುವ ಕರೆಂಟ್ ಕೇಬಲ್

ಇಡೀ ವಿಷಯದಲ್ಲಿ ಅತ್ಯಂತ ಅಪಾಯಕಾರಿಯಾದ ಗೊಂದಲ ಇದು, ಹೀಗಾಗಿ ಇದಕ್ಕೆ ಹೆಚ್ಚು ಜಾಗ ಕೊಡಬೇಕಾಗಿದೆ. ಕಂಬದಿಂದ ಅಥವಾ ನೆಲದಡಿಯ ಲೈನ್‌ನಿಂದ ಮೀಟರ್‌ವರೆಗೆ ಕರೆಂಟ್ ತರುವ ಕೇಬಲ್‌ಗಳಲ್ಲಿ ಏಕಕೇಂದ್ರ ರಚನೆಯ ಒಂದು ಬಗೆ ಇದೆ. ಅದರ ನಡುವೆ ಫೇಸ್ ತಂತಿ, ಅದರ ಮೇಲೆ ನಿರೋಧಕ ಪದರ, ಆಮೇಲೆ ಸುತ್ತಲೂ ವೃತ್ತಾಕಾರವಾಗಿ ಜೋಡಿಸಿದ ತಾಮ್ರದ ಎಳೆಗಳು, ಹೊರಗೆ ಕಪ್ಪು ಕವಚ. ಆ ಎಳೆಗಳು ನ್ಯೂಟ್ರಲ್ ಅಥವಾ ಅರ್ತ್ ಆಗಿ ಕೆಲಸ ಮಾಡುತ್ತವೆ. ಉಂಗುರಗಳ ಕ್ರಮ ಮಾತ್ರ ನೋಡಿದರೆ ಇದು ಕೋಆಕ್ಸಿಯಲ್ ಕೇಬಲ್‌ನ ವರ್ಣನೆಯೇ. ನೆಲವನ್ನು ಬಿಸಿಮಾಡುವ ಕೆಲವು ತಂತಿಗಳಲ್ಲೂ ಹೊರಗೊಂದು ಲೋಹದ ತೊಗಲು ಇರುವುದರಿಂದ ಅವೂ ಇದೇ ಗೊಂದಲ ಹುಟ್ಟಿಸುತ್ತವೆ.

ಎರಡನ್ನೂ ಬೇರ್ಪಡಿಸುವ ಸಂಗತಿ ನಡುವಿನ ಬಿಳಿ ಪದರದ ದಪ್ಪ. ಕೋಆಕ್ಸಿಯಲ್ ಕೇಬಲ್‌ನಲ್ಲಿ ಆ ಪದರ ಕೇವಲ ನಿರೋಧಕವಲ್ಲ. ನಡುವಿನ ತಂತಿಯ ವ್ಯಾಸಕ್ಕೂ ಆ ಪದರದ ಹೊರವ್ಯಾಸಕ್ಕೂ ಇರುವ ಅನುಪಾತವೂ ಆ ಪದರದ ವಸ್ತುವೂ ಸೇರಿ ಕೇಬಲ್‌ನ ಇಂಪಿಡೆನ್ಸ್ ಅನ್ನು, ಅಂದರೆ ಸಂಕೇತಕ್ಕೆ ಕೇಬಲ್ ಒಡ್ಡುವ ತಡೆಯನ್ನು ಸೂಚಿಸುವ 50 ಓಮ್ಸ್ ಅಥವಾ 75 ಓಮ್ಸ್ ಎಂಬ ಸಂಖ್ಯೆಯನ್ನು ನಿರ್ಧರಿಸುತ್ತವೆ. ಆರ್‌ಜಿ-6ರಲ್ಲಿ ನಡುವಿನ ತಂತಿ 1.02 ಮಿಲಿಮೀಟರ್, ನೊರೆಯಂತಹ ಬಿಳಿ ಪದರದ ವ್ಯಾಸ ಸುಮಾರು 4.6 ಮಿಲಿಮೀಟರ್, ಎಂದರೆ ನಾಲ್ಕೂವರೆ ಪಟ್ಟು. ರೇಡಿಯೊ ಉಪಕರಣಗಳಿಗೆ ಬಳಸುವ 50 ಓಮ್ಸ್‌ನ ಆರ್‌ಜಿ-58ರಲ್ಲಿ ಇದು ಮೂರು, ಮೂರೂವರೆ ಪಟ್ಟಿನ ಆಸುಪಾಸು. ಕರೆಂಟ್ ಕೇಬಲ್‌ನಲ್ಲಿ ಇಂಪಿಡೆನ್ಸ್‌ನ ಚಿಂತೆಯೇ ಇಲ್ಲ. ಅಲ್ಲಿ ಬೇಕಾದದ್ದು ಹೆಚ್ಚು ಕರೆಂಟ್ ಹೊರುವಷ್ಟು ದಪ್ಪ ತಾಮ್ರ ಮತ್ತು ಕೆಲವು ನೂರು ವೋಲ್ಟ್‌ಗಳನ್ನು ತಡೆಯುವಷ್ಟು ತೆಳುವಾದ ಪದರ. ಅದಕ್ಕೇ ಏಕಕೇಂದ್ರ ಕರೆಂಟ್ ಕೇಬಲ್‌ನಲ್ಲಿ ನಿರೋಧಕದ ಹೊರವ್ಯಾಸ ಒಳಗಿನ ತಾಮ್ರದ ಒಂದೂವರೆ ಪಟ್ಟಿನ ಹತ್ತಿರ ನಿಂತುಬಿಡುತ್ತದೆ.

ಈ ಅನುಪಾತ ಅಳೆಯಲು ಫೋಟೊದಲ್ಲಿ ಸ್ಕೇಲ್ ಇರಬೇಕಾದ ಅಗತ್ಯವೂ ಇಲ್ಲ, ಪರದೆಯ ಮೇಲೆ ಎರಡೂ ವ್ಯಾಸಗಳನ್ನು ಅಳೆದು ಭಾಗಿಸಿದರೆ ಸಾಕು. ತುದಿ ಅದುಮಿಹೋಗಿದ್ದರೆ ಉದ್ದನೆಯ ಮತ್ತು ಗಿಡ್ಡನೆಯ ವ್ಯಾಸಗಳ ಸರಾಸರಿ ಹಿಡಿಯಬೇಕು. ಭಾಗಲಬ್ಧ ಮೂರಕ್ಕಿಂತ ಹೆಚ್ಚು ಬಂದರೆ ಬಹುಮಟ್ಟಿಗೆ ಕೋಆಕ್ಸಿಯಲ್ ಎನ್ನಬಹುದು. ಎರಡಕ್ಕಿಂತ ಕಡಿಮೆ ಬಂದರೆ ಕೂಡಲೇ ಕೆಲಸ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಬೇಕು. ನಡುವೆ ಎಲ್ಲೋ ಬಂದರೆ, ದಪ್ಪನೆಯ ರೇಡಿಯೊ ಕೇಬಲ್‌ಗಳು ಆ ಭಾಗಕ್ಕೆ ಬರುತ್ತವೆ ನಿಜ, ಆದರೂ ಅನುಮಾನದ ಲಾಭವನ್ನು ಅಪಾಯದ ಕಡೆಗೇ ಕೊಡಬೇಕು. ಇನ್ನೊಂದು ಸಹಾಯಕ ಗುರುತು ಹೊರಗಿನ ಎಳೆಗಳದ್ದು: ಕೋಆಕ್ಸಿಯಲ್‌ನಲ್ಲಿ ಅವು ಕೂದಲಿನಂತೆ ತೆಳುವಾಗಿ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ, ಕರೆಂಟ್ ಕೇಬಲ್‌ನಲ್ಲಿ ದಪ್ಪವಾಗಿ, ಹೆಣಿಗೆಯಿಲ್ಲದೆ, ಪಕ್ಕಪಕ್ಕದಲ್ಲಿ ಸುರುಳಿಯಾಗಿ ಸಾಗುತ್ತವೆ.

ಮುಟ್ಟದೆ ಕರೆಂಟ್ ಪತ್ತೆ ಮಾಡುವ ಪೆನ್ನಿನಾಕಾರದ ಟೆಸ್ಟರ್ ಇಂತಹ ಕೇಬಲ್‌ನ ಮೇಲೆ ನಂಬಿಕೆಗೆ ಅರ್ಹವಲ್ಲ ಎಂಬುದನ್ನೂ ಸೇರಿಸಬೇಕು. ಅದು ಗ್ರಹಿಸುವುದು ತಂತಿಯ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು; ಫೇಸ್ ತಂತಿಯನ್ನು ಅರ್ತ್ ಆದ ಎಳೆಗಳು ಸುತ್ತುವರಿದಾಗ ಆ ಕ್ಷೇತ್ರ ಹೊರಗೆ ಬರುವುದೇ ಇಲ್ಲ, ಟೆಸ್ಟರ್ ಸುಮ್ಮನಿರುತ್ತದೆ, ಕೇಬಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ.

ಕನೆಕ್ಟರ್ ಹೇಳುವುದು, ಹೇಳದಿರುವುದು

ಕನೆಕ್ಟರ್‌ನ ಫೋಟೊ ಸಿಕ್ಕರೆ ಗುರುತು ಸುಲಭವಾಗುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ನಿಜ, ಆದರೆ ಹೊರಗಿನ ಲೋಹದ ಅಥವಾ ಪ್ಲಾಸ್ಟಿಕ್ಕಿನ ಆಕಾರ ನೋಡಿದರೆ ಸಾಲದು. ಅಲ್ಲಿಯೂ ನಡುವೆ ಏನಿದೆ ಎಂದೇ ಕೇಳಬೇಕು.

ತಿರುಗಿಸಿ ಕೊಂಡಿ ಹಾಕುವ ಬಿಎನ್‌ಸಿ ಕನೆಕ್ಟರ್ ಕೋಆಕ್ಸಿಯಲ್ ಕೇಬಲ್‌ನದು. ಅದೇ ರೀತಿ ತಿರುಗಿಸಿ ಕೂರಿಸುವ ಎಸ್‌ಟಿ ಕನೆಕ್ಟರ್ ಫೈಬರ್‌ನದು. ದೂರದಿಂದ ತೆಗೆದ ಫೋಟೊದಲ್ಲಿ ಎರಡೂ ಒಂದೇ ಗಾತ್ರದ ಬೆಳ್ಳನೆಯ ಲೋಹದ ಉಂಗುರಗಳು. ಎದುರಿನಿಂದ ನೋಡಿದಾಗ ಬಿಎನ್‌ಸಿಯ ನಡುವೆ ಹೊಳೆಯುವ ತೆಳು ಲೋಹದ ಪಿನ್ ಕಾಣುತ್ತದೆ. ಎಸ್‌ಟಿಯ ನಡುವೆ 2.5 ಮಿಲಿಮೀಟರ್ ದಪ್ಪದ, ಸಾಮಾನ್ಯವಾಗಿ ಬಿಳಿಯ ಸೆರಾಮಿಕ್‌ನ ನಯವಾದ ಕಡ್ಡಿ, ಅಂದರೆ ಫೆರೂಲ್, ಮುಂದಕ್ಕೆ ಚಾಚಿಕೊಂಡಿರುತ್ತದೆ. ಇಂತಹದೇ ಇನ್ನೊಂದು ಜೋಡಿ, ತಿರುಪು ಹಾಕುವ ಎಫ್ ಮತ್ತು ಎಫ್‌ಸಿ. ಹೆಸರಿನಲ್ಲೂ ಹತ್ತಿರ, ನೋಟದಲ್ಲೂ ಹತ್ತಿರ. ಟಿವಿ ಕೇಬಲ್‌ನ ಎಫ್ ಕನೆಕ್ಟರ್‌ಗೆ ತನ್ನದೇ ಆದ ಪಿನ್ ಇರುವುದಿಲ್ಲ, ಕೇಬಲ್‌ನ ನಡುವಿನ ತಂತಿಯೇ ಹಾಗೆಯೇ ಮುಂದಕ್ಕೆ ಬಂದು ಪಿನ್ ಆಗಿರುತ್ತದೆ. ಫೈಬರ್‌ನ ಎಫ್‌ಸಿಯಲ್ಲಿ ಮತ್ತೆ ಅದೇ ಸೆರಾಮಿಕ್ ಫೆರೂಲ್. ಒಂದು ಸಾಲಿನಲ್ಲಿ ಹೇಳುವುದಾದರೆ, ನಡುವೆ ಲೋಹದ ಮೊನೆ ಇದ್ದರೆ ಕೋಆಕ್ಸಿಯಲ್, ನಯವಾದ ಬಿಳಿ ಕಡ್ಡಿ ಇದ್ದರೆ ಫೈಬರ್.

ಫೈಬರ್‌ನ ಚೌಕಾಕಾರದ ಕನೆಕ್ಟರ್‌ಗಳಲ್ಲಿ ಎಸ್‌ಸಿಯ ಫೆರೂಲ್ 2.5 ಮಿಲಿಮೀಟರ್, ಎಲ್‌ಸಿಯದು ಅದರ ಅರ್ಧ. ಬಣ್ಣಕ್ಕೂ ಇಲ್ಲಿ ಅರ್ಥವಿದೆ: ಹಸಿರು ಎಂದರೆ ಫೆರೂಲ್‌ನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಲಾಗಿದೆ, ನೀಲಿ ಎಂದರೆ ಓರೆಯಿಲ್ಲ. ಹಸಿರನ್ನು ನೀಲಿಗೆ ಎದುರಾಗಿ ಚುಚ್ಚಿದರೆ ತುದಿಗಳು ಸರಿಯಾಗಿ ಕೂಡದೆ ಬೆಳಕು ಸೋರಿಹೋಗುತ್ತದೆ. ಇದು ಜಾತಿ ಗುರುತಿಸುವ ಪ್ರಶ್ನೆಯಲ್ಲವಾದರೂ, ಫೋಟೊದಲ್ಲಿ ಹಸಿರು ಪ್ಲಗ್ ನೀಲಿ ಅಡಾಪ್ಟರ್‌ನೊಳಗೆ ಕುಳಿತಿರುವುದು ಕಂಡರೆ ದೋಷ ಅಲ್ಲೇ ಸಿಕ್ಕಿತೆಂದು ತಿಳಿಯಬಹುದು.

ನೆಟ್‌ವರ್ಕ್ ಕೇಬಲ್‌ನ ಆರ್‌ಜೆ45ರಲ್ಲಿ ಚಿನ್ನದ ಬಣ್ಣದ ಎಂಟು ಪಟ್ಟಿಗಳು ಸಾಲಾಗಿ ಕಾಣುತ್ತವೆ, ಟೆಲಿಫೋನಿನದರಲ್ಲಿ ಎರಡು ಅಥವಾ ನಾಲ್ಕು, ಅಗಲವೂ ಕಡಿಮೆ. ಇದರಲ್ಲಿ ಗೊಂದಲ ಅಪರೂಪ.

ಕನೆಕ್ಟರ್ ಹೇಳದಿರುವ ಸಂಗತಿ ಬೇರೆಯೇ ಇದೆ. ಅದು ತಾನಿರುವ ತುದಿಯ ಬಗ್ಗೆ ಮಾತ್ರ ಸಾಕ್ಷಿ ನುಡಿಯುತ್ತದೆ, ಗೋಡೆಯೊಳಗೆ ಸಾಗಿದ ಕೇಬಲ್ಲಿನ ಬಗ್ಗೆ ಅಲ್ಲ. ಸಿಸಿಟಿವಿ ಕ್ಯಾಮೆರಾಗಳಲ್ಲಿ ಬಾಲನ್ ಎಂಬ ಸಣ್ಣ ತುಂಡನ್ನು ಬಳಸಿ ಬಿಎನ್‌ಸಿ ಕನೆಕ್ಟರ್‌ಗೆ ನೆಟ್‌ವರ್ಕ್ ಕೇಬಲ್‌ನ ಒಂದು ಜೋಡಿಯನ್ನು ಸೇರಿಸುವುದು ವಾಡಿಕೆ. ಎರಡೂ ತುದಿಗಳಲ್ಲಿ ಬಿಎನ್‌ಸಿ ಕಂಡು ಕೋಆಕ್ಸಿಯಲ್ ಎಂದು ಬರೆದುಕೊಂಡು ಹೋದವರು ನಡುವೆ ಎಂಟು ತಂತಿಗಳನ್ನು ಕಾಣುತ್ತಾರೆ. ಕನೆಕ್ಟರ್‌ಗೂ ತುಂಡಾದ ತುದಿಗೂ ತಾಳೆಯಾಗದಿದ್ದರೆ ತುದಿಯನ್ನೇ ನಂಬಬೇಕು, ಮತ್ತು ಎರಡರ ನಡುವೆ ಎಲ್ಲೋ ಒಂದು ಜೋಡಣೆ ಇದೆ ಎಂದು ಟಿಪ್ಪಣಿಯಲ್ಲಿ ಬರೆಯಬೇಕು.

ಡೇಟಾ ಕೇಬಲ್ ಎಂದ ಮಾತ್ರಕ್ಕೆ ಅದರಲ್ಲಿ ವಿದ್ಯುತ್ ಇಲ್ಲವೆಂದೂ ಅಲ್ಲ. ನೆಟ್‌ವರ್ಕ್ ಕೇಬಲ್‌ನ ಮೂಲಕ ಕ್ಯಾಮೆರಾ ಮುಂತಾದವುಗಳಿಗೆ 57 ವೋಲ್ಟ್‌ವರೆಗೂ ಡಿಸಿ ಹೋಗುತ್ತಿರಬಹುದು, ಡಿಶ್‌ಗೆ ಹೋಗುವ ಕೋಆಕ್ಸಿಯಲ್‌ನಲ್ಲಿ 13 ಅಥವಾ 18 ವೋಲ್ಟ್ ಇರುತ್ತದೆ. ಇವು ಸಾಮಾನ್ಯವಾಗಿ ಮನುಷ್ಯರಿಗಿಂತ ಉಪಕರಣಗಳಿಗೆ ಹಾನಿ ಮಾಡುವಂಥವು. ಎಳೆಗಳು ಒಂದಕ್ಕೊಂದು ತಗಲಿದರೆ ಇನ್ನೊಂದು ತುದಿಯ ಪೋರ್ಟ್ ಸುಟ್ಟುಹೋಗಬಹುದು.

ಒಂದು ಪ್ರಕರಣ: ಮೂರು ಲೋಹದ ಚುಕ್ಕೆಗಳು

ಈಗ ಒಂದು ಫೋಟೊವನ್ನು ಆದಿಯಿಂದ ಓದೋಣ. ಕಿಟಕಿಯ ಚೌಕಟ್ಟು ಬದಲಿಸುವಾಗ ಒಂದು ಕಪ್ಪು ಕೇಬಲ್ ತುಂಡಾಗಿದೆ, ಅಂದಿನಿಂದ ಮನೆಯಲ್ಲಿ ಇಂಟರ್ನೆಟ್ ಇಲ್ಲ. ದೂರಿನ ಜೊತೆಗಿರುವ ಒಕ್ಕಣೆ: «ಮೂರು ತಂತಿಯ ಚಪ್ಪಟೆ ಕೇಬಲ್, ಟೆಲಿಫೋನಿನದೋ ಕರೆಂಟಿನದೋ ತಿಳಿಯದು. ಎರಡೂ ತುದಿ ಸುಲಿದು ತಿರುಚಿ ಟೇಪ್ ಸುತ್ತಿದರೆ ಸಾಕೆ?»

ಫೋಟೊದಲ್ಲಿ ಸುಮಾರು 5 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಚಪ್ಪಟೆ ತುದಿ. ಅದರಲ್ಲಿ ಒಂದೇ ಸಾಲಿನಲ್ಲಿ ಮೂರು ಹೊಳೆಯುವ ಚುಕ್ಕೆಗಳು. ಒಂದು ಚುಕ್ಕೆ ಒಂದು ಮಿಲಿಮೀಟರ್‌ನಷ್ಟಿದ್ದು ತುದಿಯಲ್ಲಿ ಬೇರೆಯಾಗಿ ನಿಂತಿದೆ, ಅದಕ್ಕೂ ಉಳಿದ ಭಾಗಕ್ಕೂ ನಡುವೆ ಕವಚ ಸೊಂಟದಂತೆ ಕಿರಿದಾಗಿದೆ. ಉಳಿದೆರಡು ಅದರ ಅರ್ಧದಷ್ಟಿವೆ. ಮೂರು ತಂತಿ, ಚಪ್ಪಟೆ ಆಕಾರ: ಫೇಸ್, ನ್ಯೂಟ್ರಲ್, ಅರ್ತ್ ಎಂಬ ಊಹೆ ಥಟ್ಟನೆ ಬರುವುದು ಸಹಜ. ಒಕ್ಕಣೆ ಬರೆದವರಿಗೂ ಅದೇ ಬಂದಿದೆ.

ಈ ಊಹೆ ಎಲ್ಲಿ ಮುರಿಯುತ್ತದೆ ಎಂದು ನೋಡೋಣ. ಚಪ್ಪಟೆ ಕರೆಂಟ್ ಕೇಬಲ್ ಆಗಿದ್ದರೆ ಕನಿಷ್ಠ ಎರಡು ತಂತಿಗಳ ಸುತ್ತಲಾದರೂ ಪ್ರತ್ಯೇಕ ಬಣ್ಣದ ಉಂಗುರ ಇರಲೇಬೇಕು. ಕೆಲವು ಪದ್ಧತಿಗಳಲ್ಲಿ ಅರ್ತ್ ಮಾತ್ರ ಬರಿಯ ತಾಮ್ರವಾಗಿರುತ್ತದೆ. ಇಲ್ಲಿ ಮೂರೂ ಚುಕ್ಕೆಗಳು ನೇರವಾಗಿ ಹೊರಕವಚದ ಕಪ್ಪು ಪ್ಲಾಸ್ಟಿಕ್ಕಿನಲ್ಲೇ ಹುದುಗಿವೆ, ಒಂದಕ್ಕೂ ತನ್ನದೇ ಆದ ಪದರವಿಲ್ಲ. ಎರಡನೆಯದಾಗಿ, ಲೋಹದ ಬಣ್ಣ ಬೂದು. ಫ್ಲ್ಯಾಷ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ತೆಗೆದ ಎರಡನೆಯ ಫೋಟೊದಲ್ಲೂ ಅದು ಬೂದಾಗಿಯೇ ಇದೆ, ಕೆಂಪು ಛಾಯೆ ಎಲ್ಲಿಯೂ ಇಲ್ಲ. ಅಂದರೆ ತಾಮ್ರವಲ್ಲ, ಬಹುಮಟ್ಟಿಗೆ ಉಕ್ಕು. ಉಕ್ಕನ್ನು ಕರೆಂಟ್ ಹೊರಲು ಹಾಕುವುದಿಲ್ಲ, ಎಳೆತ ತಾಳಲು ಹಾಕುತ್ತಾರೆ. ಮೂರನೆಯದಾಗಿ, ಸಣ್ಣ ಚುಕ್ಕೆಗಳೆರಡರ ಸರಿಯಾದ ನಡುವೆ, ಕವಚದ ಎರಡೂ ಅಗಲ ಮೈಗಳಲ್ಲಿ, ಒಳಮುಖವಾದ ಒಂದೊಂದು ಸಣ್ಣ ಗೀರುಗಾಲುವೆ ಇದೆ. ಏನೂ ಇಲ್ಲದ ಜಾಗದ ಮೇಲೆ ಹೀಗೆ ಎರಡೂ ಕಡೆ ಗೀರು ಮಾಡಿದ್ದಾರೆಂದರೆ, ಅಲ್ಲಿ ಸೀಳಿ ತೆರೆಯಬೇಕೆಂದೇ ಮಾಡಿದ್ದಾರೆ. ತೆರೆದರೆ ಸಿಗುವುದು ಏನು ಎಂಬುದೇ ಉಳಿದ ಪ್ರಶ್ನೆ.

ಕಂಬದಿಂದ ಮನೆಗೆ ಬರುವ ಫೈಬರ್ ಡ್ರಾಪ್ ಕೇಬಲ್‌ನ ರಚನೆ ಹೀಗೆಯೇ ಇರುತ್ತದೆ. ಬೇರೆಯಾಗಿ ನಿಂತ ದೊಡ್ಡ ಚುಕ್ಕೆ ಇಡೀ ಕೇಬಲ್ಲನ್ನು ಗಾಳಿಯಲ್ಲಿ ತೂಗಿಹಿಡಿಯುವ ಉಕ್ಕಿನ ತಂತಿ, ಸಣ್ಣವೆರಡು ಫೈಬರ್‌ಗೆ ಎಳೆತ ಬೀಳದಂತೆ ಕಾಯುವ ಪಕ್ಕದ ಕಡ್ಡಿಗಳು. ಮುಖ್ಯವಾದ ಫೈಬರ್ ಅವೆರಡರ ನಡುವೆ, ಗೀರುಗಳ ಕೆಳಗೆ ಇದೆ, ಆದರೆ ಬಣ್ಣದ ಲೇಪನ ಸೇರಿಯೂ ಅದರ ವ್ಯಾಸ ಕೇವಲ 0.25 ಮಿಲಿಮೀಟರ್, ಒಳಗಿನ ಗಾಜು 0.125 ಮಿಲಿಮೀಟರ್. ಮೊಬೈಲ್ ಫೋಟೊದಲ್ಲಿ ಅದು ಕವಚದ ಮೇಲಿನ ಧೂಳಿನ ಕಣಕ್ಕಿಂತ ದೊಡ್ಡದಾಗಿ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಮೂರೂ ಚುಕ್ಕೆಗಳು ಸಂಕೇತ ಹೊರುವುದಿಲ್ಲ, ಹೊರುವ ಒಂದು ಕಣ್ಣಿಗೆ ಕಾಣುವುದಿಲ್ಲ. ಈ ಕೇಬಲ್ಲಿನ ವಿಷಯದಲ್ಲಿ ಅಷ್ಟೊಂದು ಜನ ತಪ್ಪುವುದಕ್ಕೆ ಇದೇ ಕಾರಣ. ಕೆಲವು ಡ್ರಾಪ್ ಕೇಬಲ್‌ಗಳಲ್ಲಿ ಪಕ್ಕದ ಕಡ್ಡಿಗಳು ಉಕ್ಕಿನ ಬದಲು ಗಾಜುನಾರು ಬೆರೆಸಿದ ಪ್ಲಾಸ್ಟಿಕ್‌ನವು, ಅವು ಹೊಳೆಯದ ಮಾಸಲು ಚುಕ್ಕೆಗಳಾಗಿ ತೋರುತ್ತವೆ. ದುಂಡಗಿನ ಫೈಬರ್ ಕೇಬಲ್ ಆಗಿದ್ದರೆ ಉಕ್ಕಿನ ಬದಲು ತುದಿಯಿಂದ ಹೊರಚೆಲ್ಲಿದ ಹಳದಿ ಅರಮಿಡ್ ನೂಲು ಗುರುತು ಕೊಡುತ್ತಿತ್ತು.

ಖಚಿತಪಡಿಸಿಕೊಳ್ಳಲು ತುದಿಯನ್ನು ಸೀಳಿ ನೋಡುವಂತೆ ಹೇಳುವುದಕ್ಕಿಂತ, ಅದೇ ಕೇಬಲ್ ಮನೆಯೊಳಗೆ ಎಲ್ಲಿ ಮುಗಿಯುತ್ತದೆ ಎಂಬ ಫೋಟೊ ಕೇಳುವುದು ಉತ್ತಮ. ಇಲ್ಲಿ ಆ ಫೋಟೊದಲ್ಲಿ ಹಸಿರು ಬಣ್ಣದ ಚೌಕ ಎಸ್‌ಸಿ ಪ್ಲಗ್ ಕಂಡಿದೆ, ಅದು ಸೇರುವ ಪೆಟ್ಟಿಗೆಯ ಮೇಲೆ `LOS` ಎಂಬ ದೀಪ ಕೆಂಪಗೆ ಮಿನುಗುತ್ತಿದೆ, ಅಂದರೆ ಆಚೆಯಿಂದ ಬೆಳಕು ಬರುತ್ತಿಲ್ಲ. ತುದಿ, ಕನೆಕ್ಟರ್, ದೀಪ ಮೂರೂ ಒಂದೇ ಮಾತು ಹೇಳುತ್ತಿರುವುದರಿಂದ ಗುರುತು ಮುಗಿಯಿತು. ಆ ಮೂರರಲ್ಲಿ ಒಂದು ತಾಳೆಯಾಗದಿದ್ದರೂ, ಉದಾಹರಣೆಗೆ ದೀಪ ಹಸಿರಾಗಿಯೇ ಇದ್ದರೆ, ತುಂಡಾದದ್ದು ಬೇರೆ ಕೇಬಲ್ ಎಂದು ತಿಳಿದು ಮೊದಲಿನಿಂದ ನೋಡಬೇಕಾಗಿತ್ತು.

ಒಕ್ಕಣೆಯ ಪ್ರಶ್ನೆಗೆ ಉತ್ತರ ಹೀಗೆ ಹೋಗಬೇಕು. ಉಕ್ಕಿನ ತಂತಿಗಳನ್ನು ತಿರುಚಿ ಕಟ್ಟಿದರೆ ಇಂಟರ್ನೆಟ್ ಬರುವುದಿಲ್ಲ. ಗಾಜಿನ ಎರಡು ತುದಿಗಳನ್ನು ನೇರವಾಗಿ ಕೊಯ್ದು, ಮುಖಕ್ಕೆ ಮುಖ ಹೊಂದಿಸಿ ಯಂತ್ರದಿಂದ ಬೆಸೆಯಬೇಕು, ಇಲ್ಲವೇ ಬೆಸುಗೆಯಿಲ್ಲದೆ ತುದಿಗಳನ್ನು ಹಿಡಿದಿಡುವ ಯಾಂತ್ರಿಕ ಸ್ಪ್ಲೈಸ್‌ನಲ್ಲಿ ಕೂರಿಸಬೇಕು, ಅದಕ್ಕೆ ಫೈಬರ್ ಕೆಲಸದವರೇ ಬರಬೇಕು. ತುಂಡಾದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು, ಅದರಲ್ಲಿ ಹರಿಯುವ 1490 ನ್ಯಾನೊಮೀಟರ್‌ನಂತಹ ಬೆಳಕು ಕಣ್ಣಿಗೂ ಮೊಬೈಲ್ ಕ್ಯಾಮೆರಾಕ್ಕೂ ಕಾಣದು, ಹಾಗಾಗಿ ಕತ್ತಲಾಗಿ ಕಂಡಿತೆಂದು ಬೆಳಕಿಲ್ಲವೆಂದು ತಿಳಿಯುವಂತಿಲ್ಲ. ಚೂರಾದ ಗಾಜು ಚರ್ಮದೊಳಗೆ ಸೇರಿಕೊಂಡರೆ ಹುಡುಕಿ ತೆಗೆಯುವುದು ಕಷ್ಟ, ನೆಲದ ಮೇಲೆ ಬಿದ್ದ ಚೂರುಗಳನ್ನು ಕೈಯಿಂದ ಬಳಿಯದೆ ಅಂಟು ಟೇಪಿನಿಂದ ಒತ್ತಿ ತೆಗೆಯಬೇಕು. ಎರಡೂ ತುದಿಗಳಿಗೆ ಧೂಳು, ನೀರು ಸೇರದಂತೆ ಟೇಪ್ ಸುತ್ತಿ, ತುಂಡಾದ ಜಾಗದ ಎರಡೂ ಕಡೆ ಎಷ್ಟು ಸಡಿಲ ಕೇಬಲ್ ಸಿಗುತ್ತದೆ ಎಂದು ಅಳೆದು ತಿಳಿಸಬೇಕು. ಸಡಿಲ ಸಾಕಷ್ಟಿದ್ದರೆ ಅಲ್ಲೇ ಒಂದು ಬೆಸುಗೆಯಲ್ಲಿ ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ನಡುವೆ ತುಂಡು ಸೇರಿಸಿ ಎರಡು ಬೆಸುಗೆ ಹಾಕಬೇಕಾಗುತ್ತದೆ, ಅಥವಾ ಇಡೀ ಡ್ರಾಪ್ ಕೇಬಲ್ಲನ್ನೇ ಬದಲಿಸಬೇಕಾಗುತ್ತದೆ.